ಅರ್ಧ ತುಂಬಿದ ಕೊಡ ಮತ್ತು ಸಾರಜನಕ

‘ಸಾರಜನಕದ ಅಯಾನೀಕರಣ ಶಕ್ತಿ ಆಮ್ಲಜನಕಕ್ಕಿಂತ ಹೆಚ್ಚು. ಕಾರಣ ಕೊಡಿ.’ ನಮ್ಮಲ್ಲಿ ಪ್ರಥಮ ಪಿಯುಸಿ, ಇಲ್ಲಿ ಕೇರಳದಲ್ಲಿ ಪ್ಲಸ್ ವನ್. ಹೆಸರು ಬೇರೆಯಾದರೂ ರಸಾಯನಶಾಸ್ತ್ರದ ಈ ಎರಡು ಅಂಕದ ಪ್ರಶ್ನೆ ಎರಡೂ ಕಡೆ ಒಂದೇ. ಅದಕ್ಕೆ ಮಕ್ಕಳು ಬರೆಯುವ ಉತ್ತರವೂ ಒಂದೇ: ‘ಸಾರಜನಕದ p ಉಪಕವಚ ಅರ್ಧ ತುಂಬಿದೆ. ಅರ್ಧ ತುಂಬಿದ್ದು ಹೆಚ್ಚು ಸ್ಥಿರ. ಆದ್ದರಿಂದ ಎಲೆಕ್ಟ್ರಾನ್ ತೆಗೆಯುವುದು ಕಷ್ಟ.’

ನಮ್ಮ ಗಾದೆಯ ಪ್ರಕಾರ ತುಳುಕದಿರುವುದು ತುಂಬಿದ ಕೊಡ. ತುಳುಕುವುದೇ ಅರ್ಧ ತುಂಬಿದ್ದು. ಗೈಡ್ ಪುಸ್ತಕಗಳ ರಸಾಯನಶಾಸ್ತ್ರದಲ್ಲಿ ಮಾತ್ರ ಅರ್ಧ ತುಂಬಿದ ಕೊಡಕ್ಕೆ ವಿಶೇಷ ಮರ್ಯಾದೆ. ತುಂಬ ಎಂಬ ಹೆಸರಿನ ಊರಿನ ಪಕ್ಕದಲ್ಲೇ ಕೂತು ಇದನ್ನು ಬರೆಯುತ್ತಿರುವುದು ಕಾಕತಾಳೀಯ.

ನಾನಿರುವುದು ತಿರುವನಂತಪುರದ ಟೆಕ್ನೋಪಾರ್ಕ್ ಕಡೆ. ತುಂಬದ ಕಡಲ ತೀರ ಇಲ್ಲಿಂದ ಕೆಲವೇ ಕಿಲೋಮೀಟರ್. ಎಂ.ಟೆಕ್ ಮಾಡಿದ್ದು ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ, ಹೊಟ್ಟೆಪಾಡು ಸಾಫ್ಟ್‌ವೇರ್‌ನಲ್ಲಿ. ‘ನಿನಗೆ ಕೆಮಿಸ್ಟ್ರಿ ಗೊತ್ತಲ್ಲ’ ಎಂದು ಇಲ್ಲಿನ ಕನ್ನಡದ ನಾಲ್ಕಾರು ಮನೆಯವರು ಮಕ್ಕಳ ಅಭ್ಯಾಸ ಪರೀಕ್ಷೆಯ ಉತ್ತರ ಪತ್ರಿಕೆ ತಂದು ಕೊಡುತ್ತಾರೆ. ಕೊಚ್ಚಿಯ ಕಾಕ್ಕನಾಡಿನಲ್ಲಿರುವ ಶಿವಮೊಗ್ಗದ ಗೆಳೆಯನೂ ತನ್ನ ಅಪಾರ್ಟ್‌ಮೆಂಟಿನ ಮಕ್ಕಳದ್ದನ್ನು ಫೋಟೊ ತೆಗೆದು ಕಳಿಸುತ್ತಾನೆ. ಈ ಬಾರಿ ಬಂದ ಕಟ್ಟಿನಲ್ಲಿ ಆವರ್ತ ಕೋಷ್ಟಕದ ಪ್ರಶ್ನೆಗಳೇ ಜಾಸ್ತಿ ಇದ್ದವು. ಹೆಚ್ಚಿನ ಮಕ್ಕಳು ‘ಯಾವುದು ಹೆಚ್ಚು, ಯಾವುದು ಕಡಿಮೆ’ ಎನ್ನುವುದನ್ನು ಸರಿಯಾಗಿ ಬರೆದಿದ್ದರು. ‘ಯಾಕೆ’ ಎನ್ನುವಲ್ಲಿ ಎಡವಿದ್ದರು. ಹಾಗಿದ್ದೂ ಪೂರ್ತಿ ಅಂಕ ಬಂದಿತ್ತು.

ಅದರಲ್ಲಿ ಒಬ್ಬ ಹುಡುಗಿಯದ್ದು ಮಾತ್ರ ಬೇರೆ. ಅವಳು ಬರೆದದ್ದರ ಸಾರ ಇಷ್ಟು: ‘ಆಮ್ಲಜನಕದಲ್ಲಿ ನಾಲ್ಕು p ಎಲೆಕ್ಟ್ರಾನುಗಳಿಗೆ ಮೂರೇ ಆರ್ಬಿಟಲ್. ಎರಡು ಎಲೆಕ್ಟ್ರಾನ್ ಒಂದೇ ಆರ್ಬಿಟಲ್‌ನಲ್ಲಿ ಇರಬೇಕಾಗುತ್ತದೆ. ಅವು ಒಂದನ್ನೊಂದು ತಳ್ಳುತ್ತವೆ. ಅದರಿಂದ ಒಂದನ್ನು ತೆಗೆಯುವುದು ಸುಲಭ.’ ಎರಡಕ್ಕೆ ಒಂದು ಅಂಕ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಹಾಫ್ ಫಿಲ್ಡ್?’ ಎಂದು ಬರೆದಿತ್ತು.

‘ಅಂಕಲ್, ಇನ್ನು ಮೇಲೆ ಹಾಫ್ ಫಿಲ್ಡ್ ಅಂತಲೇ ಬರೆದುಬಿಡ್ತೀನಿ. ಸುಮ್ಮನೆ ಯಾಕೆ ಮಾರ್ಕ್ಸ್ ಕಳೆದುಕೊಳ್ಳಬೇಕು’ ಎಂದಳು. ಅವಳ ಅಮ್ಮನಿಗೂ ಹಾಗೇ ಅನಿಸಿತ್ತು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಪದದ ಅರ್ಥ. ಅನಿಲ ರೂಪದಲ್ಲಿರುವ ಒಂಟಿ ಪರಮಾಣುವಿನಿಂದ ಅತಿ ಸಡಿಲವಾಗಿ ಹಿಡಿದಿಟ್ಟ ಎಲೆಕ್ಟ್ರಾನ್ ಒಂದನ್ನು ಪೂರ್ತಿ ಕಿತ್ತುಹಾಕಲು ಬೇಕಾದ ಶಕ್ತಿಯೇ ಅಯಾನೀಕರಣ ಶಕ್ತಿ. ಒಂದು ಮೋಲ್ ಪರಮಾಣುಗಳಿಗೆ ಇಷ್ಟು ಕಿಲೋಜೌಲ್ ಎಂದು ಅಳೆಯುತ್ತಾರೆ. ಆವರ್ತದಲ್ಲಿ ಎಡದಿಂದ ಬಲಕ್ಕೆ ಹೋದಂತೆ ನ್ಯೂಕ್ಲಿಯಸ್‌ನಲ್ಲಿ ಒಂದೊಂದೇ ಪ್ರೋಟಾನ್ ಹೆಚ್ಚುತ್ತದೆ, ಎಳೆತ ಬಿಗಿಯಾಗುತ್ತದೆ, ಅಂಕಿ ಏರುತ್ತದೆ. ಎರಡನೇ ಆವರ್ತದಲ್ಲಿ ಈ ಏರಿಕೆ ಎರಡು ಕಡೆ ಮುರಿಯುತ್ತದೆ. ಬೆರಿಲಿಯಂ ಆದ ಮೇಲೆ ಬೋರಾನ್‌ನಲ್ಲಿ ಒಮ್ಮೆ, ಸಾರಜನಕ ಆದ ಮೇಲೆ ಆಮ್ಲಜನಕದಲ್ಲಿ ಇನ್ನೊಮ್ಮೆ.

ಈಗ ‘ಸಾರಜನಕ ವಿಶೇಷ ಸ್ಥಿರ’ ಎಂಬ ಮಾತನ್ನು ಅಂಕಿಗಳ ಎದುರು ನಿಲ್ಲಿಸೋಣ. ಆ ಮಾತು ನಿಜವಾದರೆ ಸಾಲಿನಲ್ಲಿ ಸಾರಜನಕ ಮಾತ್ರ ಇರಬೇಕಾದ್ದಕ್ಕಿಂತ ಎತ್ತರದಲ್ಲಿ ನಿಂತಿರಬೇಕು, ಅದನ್ನು ದಾಟಿದ ಮೇಲೆ ಉಳಿದವು ಹಳೆಯ ಸಾಲಿಗೆ ಮರಳಬೇಕು. ಬೋರಾನ್ 801, ಇಂಗಾಲ 1086, ಸಾರಜನಕ 1402. ಮೊದಲ ಮೆಟ್ಟಿಲು 285, ಎರಡನೆಯದು 316. ಅಂದರೆ ಸಾರಜನಕ ಎಲ್ಲಿಯೂ ಜಿಗಿದಿಲ್ಲ. ಬೋರಾನ್, ಇಂಗಾಲಗಳು ಹತ್ತಿದ ಮೆಟ್ಟಿಲನ್ನೇ ಅದೇ ಲಯದಲ್ಲಿ ಹತ್ತಿದೆ. ಮುಂದಿನ ಮೂರು: ಆಮ್ಲಜನಕ 1314, ಫ್ಲೋರಿನ್ 1681, ನಿಯಾನ್ 2081. ಇಲ್ಲಿನ ಮೆಟ್ಟಿಲುಗಳು 367 ಮತ್ತು 400. ಇಲ್ಲೂ ಲಯ ತಪ್ಪಿಲ್ಲ.

ಹಾಗಾದರೆ ತಪ್ಪಿದ್ದು ಎಲ್ಲಿ? 316 ಮತ್ತು 367ರ ನಡುವಿನ ಮೆಟ್ಟಿಲು ಸುಮಾರು 340 ಇರಬೇಕಿತ್ತು. ಆ ಲೆಕ್ಕದಲ್ಲಿ ಆಮ್ಲಜನಕ 1740ರ ಹತ್ತಿರ ಇರಬೇಕು. ಇರುವುದು 1314. ಹೆಚ್ಚು ಕಡಿಮೆ 430 ಕಿಲೋಜೌಲ್ ಕೆಳಗೆ. ಅದು ಅಲ್ಲಿಗೇ ನಿಲ್ಲಲಿಲ್ಲ, ಫ್ಲೋರಿನ್ ಮತ್ತು ನಿಯಾನ್ ಕೂಡ ಹಳೆಯ ಸಾಲಿಗೆ ಮರಳದೆ ಕೆಳಗಿನ ಸಾಲಿನಲ್ಲೇ ಮುಂದುವರಿದಿವೆ. ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಮೂರು ಮೂರು ಬಿಂದುಗಳ ಎರಡು ಸಾಲು ಕಾಣುತ್ತವೆ. ಎರಡನೆಯದನ್ನು ಯಾರೋ ಕೆಳಕ್ಕೆ ಜಾರಿಸಿದಂತಿದೆ. ಹುಡುಗಿಯ ಕೈಯಲ್ಲೇ ಗುರುತು ಹಾಕಿಸಿದೆ. ‘ಹಾಗಾದ್ರೆ ನೈಟ್ರೋಜನ್ ಏನೂ ಮಾಡಿಲ್ಲ, ಬಿದ್ದಿದ್ದು ಆಕ್ಸಿಜನ್’ ಎಂದಳು. ವಿಷಯ ಅಷ್ಟೇ. ಪ್ರಶ್ನೆಯಲ್ಲಿ ಸಾರಜನಕದ ಹೆಸರು ಮೊದಲು ಬರುವುದರಿಂದ ಕಾರಣವನ್ನೂ ನಾವು ಸಾರಜನಕದಲ್ಲೇ ಹುಡುಕುತ್ತೇವೆ.

ಆಮ್ಲಜನಕ ಯಾಕೆ ಬಿತ್ತು ಎನ್ನುವುದಕ್ಕೆ ಅವಳು ಬರೆದದ್ದೇ ಮೂಲ ಉತ್ತರ. ಅದರ ಹಿಂದೆ ಇನ್ನೊಂದು ಹೆಜ್ಜೆ ಇದೆ. ಎಲೆಕ್ಟ್ರಾನುಗಳಿಗೆ ಸ್ಪಿನ್ ಎಂಬ ಗುಣವಿದೆ, ಅದಕ್ಕೆ ಎರಡೇ ದಿಕ್ಕು. ಒಂದೇ ದಿಕ್ಕಿನ ಸ್ಪಿನ್ ಇರುವ ಎರಡು ಎಲೆಕ್ಟ್ರಾನುಗಳು ಸ್ವಭಾವತಃ ಒಂದರ ಹತ್ತಿರ ಒಂದು ಬರುವುದಿಲ್ಲ. ದೂರ ಇರುವುದರಿಂದ ಅವುಗಳ ನಡುವಿನ ತಳ್ಳಾಟ ಕಡಿಮೆ. ಇಂಥ ಪ್ರತಿ ಜೋಡಿಯಿಂದ ಪರಮಾಣುವಿಗೆ ಒಂದಿಷ್ಟು ಶಕ್ತಿಯ ಉಳಿತಾಯ. ಪುಸ್ತಕಗಳಲ್ಲಿ ವಿನಿಮಯ ಶಕ್ತಿ ಎನ್ನುವುದು ಇದನ್ನೇ. ಈಗ p ಎಲೆಕ್ಟ್ರಾನುಗಳಲ್ಲಿ ಒಂದನ್ನು ಕಿತ್ತಾಗ ಇಂಥ ಜೋಡಿಗಳು ಎಷ್ಟು ನಷ್ಟವಾಗುತ್ತವೆ ಎಂದು ಎಣಿಸೋಣ.

ಬೋರಾನ್‌ನಲ್ಲಿ ಇರುವುದೇ ಒಂದು, ಜೋಡಿಯೇ ಇಲ್ಲ, ನಷ್ಟ ಸೊನ್ನೆ. ಇಂಗಾಲದಲ್ಲಿ ಎರಡಿವೆ, ಒಂದು ಹೋದರೆ ಒಂದು ಜೋಡಿ ನಷ್ಟ. ಸಾರಜನಕದಲ್ಲಿ ಮೂರಿವೆ, ಮೂರು ಜೋಡಿಗಳು. ಒಂದು ಎಲೆಕ್ಟ್ರಾನ್ ಹೋದರೆ ಉಳಿಯುವುದು ಒಂದೇ ಜೋಡಿ, ನಷ್ಟ ಎರಡು. ಆಮ್ಲಜನಕದ ನಾಲ್ಕನೆಯದ್ದು ತಿರುಗು ಸ್ಪಿನ್‌ನ ಒಂಟಿ. ಅದನ್ನು ಕಿತ್ತರೆ ಯಾವ ಜೋಡಿಯೂ ಮುರಿಯುವುದಿಲ್ಲ, ನಷ್ಟ ಮತ್ತೆ ಸೊನ್ನೆ. ಫ್ಲೋರಿನ್‌ನಲ್ಲಿ ಒಂದು, ನಿಯಾನ್‌ನಲ್ಲಿ ಎರಡು. ಸೊನ್ನೆ, ಒಂದು, ಎರಡು. ಮತ್ತೆ ಸೊನ್ನೆ, ಒಂದು, ಎರಡು. ಗ್ರಾಫ್‌ನ ಎರಡು ಸಾಲುಗಳು ಬಂದದ್ದು ಇಲ್ಲಿಂದಲೇ. ಇನ್ನೂ ಒಂದು ಗಮನಿಸಿ: ಜೋಡಿಗಳು ಒಟ್ಟಾರೆ ಅತಿ ಹೆಚ್ಚು ಇರುವುದು ಸಾರಜನಕದಲ್ಲಿ ಅಲ್ಲ. ಅದರಲ್ಲಿ ಮೂರು, ನಿಯಾನ್‌ನಲ್ಲಿ ಆರು. ‘ಅರ್ಧ ತುಂಬಿದಾಗ ವಿನಿಮಯ ಶಕ್ತಿ ಗರಿಷ್ಠ’ ಎಂದು ಬರೆದಿದ್ದ ಒಂದು ಉತ್ತರಕ್ಕೆ ಪೂರ್ಣ ಅಂಕ ಬಿದ್ದಿತ್ತು. ಅದನ್ನು ತಿದ್ದಿದವರು ಎಣಿಸಿ ನೋಡಿರಲಿಕ್ಕಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಅರ್ಧ ತುಂಬಿದ್ದು ಎಂಬ ಪದ ಬಂದಕೂಡಲೇ ಉತ್ತರ ತಪ್ಪಾಗುವುದಿಲ್ಲ. ‘ಮೂರು ಆರ್ಬಿಟಲ್‌ಗಳಲ್ಲೂ ಒಂದೊಂದು ತುಂಬಿಯಾಗಿದೆ, ಆದ್ದರಿಂದ ನಾಲ್ಕನೆಯದ್ದು ಜೋಡಿಯಾಗಲೇಬೇಕು’ ಎಂದು ಮುಂದುವರಿಸಿದರೆ ಅದೂ ಸರಿಯಾದ ದಾರಿಯೇ. ‘ಸ್ಥಿರ, ಆದ್ದರಿಂದ ಕಷ್ಟ’ ಎಂದು ಅಲ್ಲಿಗೇ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಎಲೆಕ್ಟ್ರಾನ್ ತೆಗೆಯಲು ಕಷ್ಟ ಎನ್ನುವುದನ್ನೇ ಸ್ಥಿರ ಎಂದು ಕರೆದು, ಅದೇ ಸ್ಥಿರತೆಯನ್ನು ಕಾರಣ ಎಂದು ಕೊಟ್ಟಂತಾಯಿತು.

ಇದರಿಂದ ಏನು ತೊಂದರೆ, ಅಂಕ ಬಂತಲ್ಲ ಎಂದು ಕಾಕ್ಕನಾಡಿನ ಗೆಳೆಯ ವಾದಿಸಿದ. ನಮ್ಮ ಕೆಲಸದಲ್ಲೂ ಇಂಥದ್ದು ನೋಡಿರುತ್ತೇವೆ. ತಪ್ಪು ಲಾಜಿಕ್ ಬರೆದ ಪ್ರೋಗ್ರಾಂ ಒಂದು ಟೆಸ್ಟ್ ಕೇಸ್‌ನಲ್ಲಿ ಸರಿಯಾದ ಔಟ್‌ಪುಟ್ ಕೊಟ್ಟುಬಿಡುತ್ತದೆ. ಇನ್‌ಪುಟ್ ಬದಲಾಯಿಸಿದಾಗ ಬಣ್ಣ ಬಯಲು. ಅವನು ಕಳಿಸಿದ ಪತ್ರಿಕೆಗಳಲ್ಲೇ ಅದಕ್ಕೆ ಸಾಕ್ಷಿ ಇತ್ತು. ಇಂಗಾಲ, ಸಾರಜನಕ, ಆಮ್ಲಜನಕ, ಫ್ಲೋರಿನ್‌ಗಳನ್ನು ಏರಿಕೆಯ ಕ್ರಮದಲ್ಲಿ ಬರೆಯಿರಿ ಎಂಬ ಪ್ರಶ್ನೆಗೆ ಕೆಲವರು ಸಾರಜನಕವನ್ನು ಎಲ್ಲಕ್ಕಿಂತ ಕೊನೆಗೆ, ಫ್ಲೋರಿನ್‌ಗೂ ಮೇಲೆ ಕೂರಿಸಿದ್ದರು. ‘ಅರ್ಧ ತುಂಬಿದ್ದು ಅತಿ ಸ್ಥಿರ’ ಎಂದು ನಂಬಿದವರು ಇನ್ನೇನು ಮಾಡಿಯಾರು? ಆಮ್ಲಜನಕದ ಹೊಸ ಎಲೆಕ್ಟ್ರಾನ್‌ಗೆ ತಳ್ಳಾಟ ಎದುರಾಯಿತು ಎಂದು ತಿಳಿದವರಿಗೆ, ಮುಂದಿನ ಒಂದು ಪ್ರೋಟಾನ್ ಸೇರಿದೊಡನೆ ಫ್ಲೋರಿನ್ ಮೇಲೇರುವುದು ಸಹಜವಾಗಿ ಕಾಣುತ್ತದೆ.

ಇನ್ನೂ ಗಟ್ಟಿ ಪರೀಕ್ಷೆ ಆವರ್ತ ಕೋಷ್ಟಕದಲ್ಲಿ ಕೆಳಗೆ ಇಳಿಯುವುದು. ಸಾರಜನಕದ ಗುಂಪಿನವರೆಲ್ಲರದ್ದೂ p ಅರ್ಧ ತುಂಬಿದ್ದೇ, ಪಕ್ಕದ ಗುಂಪಿನವರೆಲ್ಲರದ್ದೂ p⁴. ಅರ್ಧ ತುಂಬುವುದೇ ಕಾರಣವಾದರೆ ಪ್ರತಿ ಸಾಲಿನಲ್ಲೂ ಎಡಗಡೆಯದ್ದೇ ಗೆಲ್ಲಬೇಕು. ಸಾರಜನಕ ಆಮ್ಲಜನಕಕ್ಕಿಂತ 88 ಹೆಚ್ಚು. ಕೆಳಗಿನ ಸಾಲಿನಲ್ಲಿ ರಂಜಕ 1012, ಗಂಧಕ 1000. ಅಂತರ 12ಕ್ಕೆ ಇಳಿಯಿತು. ಅದರ ಕೆಳಗೆ ಆರ್ಸೆನಿಕ್ ಮತ್ತು ಸೆಲೆನಿಯಂ ನಡುವೆ ಮೂರ್ನಾಲ್ಕು ಕಿಲೋಜೌಲ್ ಮಾತ್ರ. ಇನ್ನೂ ಕೆಳಗೆ ಆಂಟಿಮನಿ 831, ಟೆಲ್ಲುರಿಯಂ 869. ಇಲ್ಲಿ ಬಲಗಡೆಯದ್ದೇ ಗೆದ್ದಿತು, ಅಪವಾದವೇ ಇಲ್ಲ! ಎಲ್ಲಕ್ಕೂ ಕೆಳಗೆ ಬಿಸ್ಮತ್ 703, ಪೊಲೋನಿಯಂ 812. ಅಲ್ಲೂ ಅಷ್ಟೇ.

ತಳ್ಳಾಟದ ಕಾರಣ ಹಿಡಿದರೆ ಇದು ಗೊಂದಲವಲ್ಲ. 2p ಆರ್ಬಿಟಲ್ ಬಹಳ ಚಿಕ್ಕ ಕೋಣೆ, ಅಲ್ಲಿ ಇಬ್ಬರಿದ್ದರೆ ಇಕ್ಕಟ್ಟು. ಕೆಳಗೆ ಹೋದಂತೆ ಕೋಣೆ ದೊಡ್ಡದಾಗುತ್ತದೆ, ತಳ್ಳಾಟ ತಗ್ಗುತ್ತದೆ. ಕೊನೆಗೆ ಹೆಚ್ಚುವರಿ ಪ್ರೋಟಾನಿನ ಎಳೆತವೇ ಮೇಲುಗೈಯಾಗುತ್ತದೆ. ತೀರ ಭಾರದ ಪರಮಾಣುಗಳಲ್ಲಿ ಸ್ಪಿನ್ ಮತ್ತು ಕಕ್ಷೀಯ ಚಲನೆಯ ಹೆಣಿಗೆಯಂಥ ಬೇರೆ ಪರಿಣಾಮಗಳೂ ಸೇರಿಕೊಳ್ಳುತ್ತವೆ, ಬಿಸ್ಮತ್ ಮಟ್ಟದಲ್ಲಿ ಬರೀ ಇಕ್ಕಟ್ಟಿನ ಕತೆ ಸಾಲದು. ಆದರೆ ಪ್ಲಸ್ ವನ್‌ಗೆ ಅಷ್ಟು ದೂರ ಹೋಗಬೇಕಿಲ್ಲ.

ಬೆರಿಲಿಯಂ-ಬೋರಾನ್ ಅಪವಾದದಲ್ಲಿ ತಪ್ಪು ಕಾರಣಗಳ ವೈವಿಧ್ಯ ಇನ್ನೂ ಹೆಚ್ಚು. ಬೆರಿಲಿಯಂ 899, ಬೋರಾನ್ 801. ‘ಬೋರಾನ್ ಪರಮಾಣು ದೊಡ್ಡದು’ ಎಂದು ಒಬ್ಬ ಬರೆದಿದ್ದ. ನಿಜಕ್ಕೂ ಬೋರಾನ್ ಬೆರಿಲಿಯಂಗಿಂತ ಚಿಕ್ಕದು. ಅದೇ ಪತ್ರಿಕೆಯ ಹಿಂದಿನ ಪುಟದಲ್ಲಿ, ಎಡದಿಂದ ಬಲಕ್ಕೆ ಗಾತ್ರ ಕುಗ್ಗುತ್ತದೆ ಎಂದು ಅವನೇ ಬರೆದಿದ್ದ. ಹೆಚ್ಚಿನವರ ಉತ್ತರ ‘ಬೆರಿಲಿಯಂನ 2s ಪೂರ್ತಿ ತುಂಬಿದೆ, ಸ್ಥಿರ’ ಎಂಬುದೇ. ಈ ಸಲ ಕೊಡ ಪೂರ್ತಿ ತುಂಬಿದೆ, ಗಾದೆಗೂ ಸಮಾಧಾನ. ಆದರೆ ಕಾರಣ ಇಲ್ಲೂ ಅದಲ್ಲ. ಬೋರಾನ್‌ನಲ್ಲೂ 2s ಪೂರ್ತಿ ತುಂಬಿಯೇ ಇದೆ. ಅದರ s ಎಲೆಕ್ಟ್ರಾನನ್ನೇ ಕೀಳಬೇಕೆಂದರೆ ಸುಮಾರು 1250 ಕಿಲೋಜೌಲ್ ಬೇಕು, ಬೆರಿಲಿಯಂಗಿಂತ ಎಷ್ಟೋ ಹೆಚ್ಚು. ಅಂದರೆ s ಎಲೆಕ್ಟ್ರಾನುಗಳ ಮಟ್ಟಿಗೆ ಏರಿಕೆ ಮುರಿದೇ ಇಲ್ಲ. ಬೋರಾನ್‌ನಲ್ಲಿ ಮೊದಲು ಹೊರಬೀಳುವುದು ಬೇರೆ ಜಾತಿಯ ಎಲೆಕ್ಟ್ರಾನ್. ಅದು 2p. ನ್ಯೂಕ್ಲಿಯಸ್ ಹತ್ತಿರ ಅದು ಸುಳಿಯುವುದು ಕಡಿಮೆ, ಒಳಗಿನ ಎಲೆಕ್ಟ್ರಾನುಗಳ ಜೊತೆಗೆ 2s ಜೋಡಿಯೂ ಅದಕ್ಕೆ ಅಡ್ಡ ನಿಲ್ಲುತ್ತದೆ. ಹಾಗಾಗಿ ಹಿಡಿತ ಸಡಿಲ.

ಈ ಅಪವಾದವನ್ನೂ ಕೆಳಗೆ ಇಳಿಸಿ ನೋಡಿ. ಮೆಗ್ನೀಸಿಯಂ 738, ಅಲ್ಯುಮಿನಿಯಂ 578. ಇನ್ನೂ ಕೆಳಗೆ ಸತು 906, ಗ್ಯಾಲಿಯಂ 579. ಇದು ಕರಗುವುದೇ ಇಲ್ಲ, ಬದಲಿಗೆ ದೊಡ್ಡದಾಗುತ್ತದೆ. ಒಂದು ಅಪವಾದ ಕೆಳಗೆ ಹೋದಂತೆ ಮಾಯವಾಗುತ್ತದೆ, ಇನ್ನೊಂದು ಉಳಿದುಕೊಳ್ಳುತ್ತದೆ. ಎರಡಕ್ಕೂ ‘ಸ್ಥಿರತೆ’ ಎಂಬ ಒಂದೇ ಚೀಟಿ ಅಂಟಿಸಿದರೆ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ.

ಮಕ್ಕಳಿಗೆ ಈ ಚೀಟಿ ಸಿಗುವುದು ಎಲ್ಲಿಂದ? ಪಠ್ಯಪುಸ್ತಕವನ್ನು ದೂರುವಂತಿಲ್ಲ. ಕೇರಳದಲ್ಲೂ ಕರ್ನಾಟಕದಲ್ಲೂ ಹನ್ನೊಂದನೇ ತರಗತಿಗೆ ಎನ್‌ಸಿಇಆರ್‌ಟಿ ಪಠ್ಯವೇ ಆಧಾರ. ಅದರ ಆವರ್ತ ಕೋಷ್ಟಕದ ಅಧ್ಯಾಯದಲ್ಲಿ ಆಮ್ಲಜನಕಕ್ಕೆ ಕೊಟ್ಟಿರುವ ಕಾರಣ, ಒಂದೇ 2p ಆರ್ಬಿಟಲ್‌ನಲ್ಲಿ ಎರಡು ಎಲೆಕ್ಟ್ರಾನ್ ಇರಬೇಕಾದ್ದರಿಂದ ಹೆಚ್ಚಿದ ವಿಕರ್ಷಣೆ. ಬೋರಾನ್‌ಗೆ ಕೊಟ್ಟಿರುವುದೂ 2p ಎಲೆಕ್ಟ್ರಾನಿನ ಸಡಿಲ ಹಿಡಿತವನ್ನೇ. ಆದರೆ ಅದಕ್ಕೂ ಮೊದಲು, ಪರಮಾಣು ರಚನೆಯ ಅಧ್ಯಾಯದಲ್ಲಿ, ಕ್ರೋಮಿಯಂ ಮತ್ತು ತಾಮ್ರದ ವಿನ್ಯಾಸ ವಿವರಿಸಲು ಅರ್ಧ ತುಂಬಿದ ಮತ್ತು ಪೂರ್ತಿ ತುಂಬಿದ ಉಪಕವಚಗಳ ಹೆಚ್ಚುವರಿ ಸ್ಥಿರತೆಯ ಪ್ರಸ್ತಾಪ ಬರುತ್ತದೆ. ಮಕ್ಕಳು ಅಲ್ಲಿಂದ ಆ ಪದವನ್ನು ಕಿತ್ತುಕೊಂಡು ಬಂದು ಇಲ್ಲಿ ನೆಡುತ್ತಾರೆ. ಗೈಡ್‌ಗಳು ನೀರು ಹಾಕುತ್ತವೆ. ಒಂದು ಸಾಲಿನಲ್ಲಿ ಮುಗಿಯುವ ಉತ್ತರ ತಿದ್ದುವವರಿಗೂ ಹಗುರ. ಕಾಸರಗೋಡಿನ ಕಡೆಯಿಂದ ಬಂದು ಇಲ್ಲಿ ಓದುತ್ತಿರುವ ಒಬ್ಬ ಹುಡುಗ ಹತ್ತನೆಯವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಕಟ್ಟುವುದು ಅವನಿಗೆ ಇನ್ನೂ ಕಷ್ಟ. ‘ಹಾಫ್ ಫಿಲ್ಡ್ ಅಂದ್ರೆ ಎರಡೇ ಪದ ಸಾಕಲ್ಲ ಅಣ್ಣಾ’ ಎಂದ. ಅವನ ಕಷ್ಟ ನನಗೆ ಅರ್ಥವಾಗುತ್ತದೆ.

ತುಂಬದ ಹೆಸರು ಎತ್ತಿದ್ದರಿಂದ ಇಲ್ಲಿಯದ್ದೇ ಒಂದು ಪ್ರಶ್ನೆಯನ್ನು ನಾನೂ ಸೇರಿಸಿ ಕೊಟ್ಟಿದ್ದೆ. 1963ರ ನವೆಂಬರ್ 21ರ ಸಂಜೆ ಇಲ್ಲಿಂದ ಹಾರಿದ ಮೊದಲ ರಾಕೆಟ್ ನೈಕ್-ಅಪಾಚೆ. ಅದು ಮೇಲೆ ಸೋಡಿಯಂ ಆವಿಯನ್ನು ಬಿಟ್ಟಿತು. ಆಕಾಶದಲ್ಲಿ ಕಿತ್ತಳೆ ಬಣ್ಣದ ಮೋಡ ಹೊಳೆಯಿತು. ಯಾಕೆ ಹೊಳೆಯಿತು? ‘ಸೋಡಿಯಂನ ಅಯಾನೀಕರಣ ಶಕ್ತಿ ಕಡಿಮೆ, ಬಿಸಿಲಿಗೆ ಅಯಾನ್ ಆಗಿ ಹೊಳೆಯಿತು’ ಎಂದು ಬಹುತೇಕರು ಬರೆದರು. ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ಸೋಡಿಯಂನ ಅಯಾನೀಕರಣಕ್ಕೆ 496 ಕಿಲೋಜೌಲ್ ಬೇಕು. ಆ ಕಿತ್ತಳೆ ಬೆಳಕಿನ ತರಂಗಾಂತರ 589 ನ್ಯಾನೋಮೀಟರ್, ಅದರ ಶಕ್ತಿ ಮೋಲ್‌ಗೆ 203 ಕಿಲೋಜೌಲ್. ಅರ್ಧಕ್ಕೂ ಕಡಿಮೆ. ಆ ಬೆಳಕು ಎಲೆಕ್ಟ್ರಾನನ್ನು 3sನಿಂದ 3pಗೆ ಏರಿಸುತ್ತದೆ ಅಷ್ಟೇ, ಹೊರಗೆ ಹಾಕುವುದಿಲ್ಲ. ಇಳಿಯುವಾಗ ಅದೇ ಬಣ್ಣ ಮರಳಿ ಬರುತ್ತದೆ. ಹೊಳೆದದ್ದು ಎಲೆಕ್ಟ್ರಾನ್ ಕಳೆದುಕೊಳ್ಳದ ಸೋಡಿಯಂ. ಕಳೆದುಕೊಂಡಿದ್ದರೆ ಕಣ್ಣಿಗೆ ಕಾಣುವ ಆ ಬಣ್ಣವೇ ಇರುತ್ತಿರಲಿಲ್ಲ. ನೆಲದ ಮೇಲೆ ಮುಸ್ಸಂಜೆ, ಮೇಲಿನ ಮೋಡಕ್ಕೆ ಇನ್ನೂ ಬಿಸಿಲು, ಅದಕ್ಕೇ ಸಂಜೆಯ ಹೊತ್ತನ್ನು ಆರಿಸಿದ್ದರು. ಅಂದು ಕಚೇರಿಯಾಗಿದ್ದ ಮೇರಿ ಮ್ಯಾಗ್ಡಲೀನ್ ಚರ್ಚ್ ಈಗ ಬಾಹ್ಯಾಕಾಶ ವಸ್ತುಸಂಗ್ರಹಾಲಯ. ಊರಿನಿಂದ ನೆಂಟರು ಬಂದರೆ ಕರೆದುಕೊಂಡು ಹೋಗಿ.

ಈಗ ತಿದ್ದುವ ಕ್ರಮಕ್ಕೆ ಬರುತ್ತೇನೆ. ಇಂಥ ಉತ್ತರ ಸಿಕ್ಕಾಗ ನಾನು ಮೊದಲು ನೋಡುವುದು, ಹೊರಗೆ ಹೋಗುವ ಎಲೆಕ್ಟ್ರಾನ್ ಯಾವುದು ಎಂದು ಬರೆದಿದ್ದಾರೆಯೇ ಎಂದು. ಬರೆದಿದ್ದರೆ ಅರ್ಧ ದಾರಿ ಮುಗಿಯಿತು. ಆಮೇಲೆ, ಅದನ್ನು ಸಡಿಲಗೊಳಿಸಿದ್ದು ಏನು ಎಂದು ನೋಡುತ್ತೇನೆ: ತಳ್ಳಾಟವೋ, ದೂರವೋ, ಅಡ್ಡ ನಿಂತ ಎಲೆಕ್ಟ್ರಾನುಗಳೋ. ‘ಸ್ಥಿರ’ ಎಂಬ ಪದ ಕಂಡರೆ ಅಡಿಗೆರೆ ಎಳೆದು ಪಕ್ಕದಲ್ಲಿ ‘ಯಾವುದಕ್ಕೆ ಹೋಲಿಸಿ?’ ಎಂದು ಬರೆಯುತ್ತೇನೆ. ಅಂಕ ಕತ್ತರಿಸುವ ಅಧಿಕಾರ ನನಗಿಲ್ಲ, ಮಕ್ಕಳಿಗೂ ಅದು ಗೊತ್ತು.

ಆ ಹುಡುಗಿಗೆ ಮತ್ತೊಂದು ಪ್ರಶ್ನೆ ಕೊಟ್ಟೆ. ಆಮ್ಲಜನಕ ಮತ್ತು ಫ್ಲೋರಿನ್‌ಗಳಲ್ಲಿ ಎರಡನೆಯ ಅಯಾನೀಕರಣ ಶಕ್ತಿ ಯಾವುದರದ್ದು ಹೆಚ್ಚು? ಒಂದು ಎಲೆಕ್ಟ್ರಾನ್ ಈಗಾಗಲೇ ಹೋಗಿದೆ, ಇನ್ನೊಂದನ್ನು ಕೀಳಬೇಕು. ಅವಳು ಅಂಚಿನಲ್ಲಿ ಚೌಕಗಳನ್ನು ಬರೆದು ಬಾಣಗಳನ್ನು ಹಾಕಿದಳು. ಒಂದು ಕಳೆದುಕೊಂಡ ಆಮ್ಲಜನಕದಲ್ಲಿ ಉಳಿಯುವುದು ಮೂರು ಒಂಟಿ p ಎಲೆಕ್ಟ್ರಾನ್, ಫ್ಲೋರಿನ್‌ನಲ್ಲಿ ನಾಲ್ಕು, ಅದರಲ್ಲಿ ಒಂದು ಜೋಡಿ. ‘ಫ್ಲೋರಿನ್‌ಗೆ ಒಂದು ಪ್ರೋಟಾನ್ ಜಾಸ್ತಿ, ಆದ್ರೆ ಜೋಡಿ ಇದೆ. ಎರಡೂ ಹತ್ತಿರ ಹತ್ತಿರ ಇರಬೇಕು, ಆಕ್ಸಿಜನ್ ಸ್ವಲ್ಪ ಮೇಲೆ’ ಎಂದಳು. ಪುಸ್ತಕ ತೆಗೆದು ನೋಡಿದೆವು. ಆಮ್ಲಜನಕ 3388, ಫ್ಲೋರಿನ್ 3374.

ಮುಂದಿನ ಪರೀಕ್ಷೆಗೆ ಅವಳು ಬರೆದಿಟ್ಟುಕೊಂಡ ಉತ್ತರ ಎರಡು ವಾಕ್ಯದ್ದು. ‘ಸಾರಜನಕದಲ್ಲಿ 2p ಅರ್ಧ ತುಂಬಿದ್ದು ಮೂರೂ ಎಲೆಕ್ಟ್ರಾನುಗಳು ಬೇರೆ ಬೇರೆ ಆರ್ಬಿಟಲ್‌ಗಳಲ್ಲಿವೆ. ಆಮ್ಲಜನಕದ ನಾಲ್ಕನೆಯದ್ದು ಜೋಡಿಯಾಗಬೇಕಾದ್ದರಿಂದ ವಿಕರ್ಷಣೆ ಹೆಚ್ಚಿ ಸುಲಭವಾಗಿ ಹೊರಬರುತ್ತದೆ.’ ತಿದ್ದುವವರು ಹುಡುಕುವ ಪದ ಮೊದಲ ವಾಕ್ಯದಲ್ಲಿದೆ, ಕಾರಣ ಎರಡನೆಯದರಲ್ಲಿ.